ಹತ್ತು ಚೀಟಿಯ ಲೆಕ್ಕ: ಏಳು-ಎಂಟನೇ ತರಗತಿಯ ಚುರುಕು ಮಕ್ಕಳಿಗೆ ನಾನು ಸುಳಿವು ಕೊಡುವ ಬಗೆ

ಒಲಿಂಪಿಯಾಡ್ ಮಾದರಿಯ ಲೆಕ್ಕಗಳಿಗೆ ಮಕ್ಕಳನ್ನು ತಯಾರು ಮಾಡುವಾಗ ನಾನು ಮೊದಲು ಕೊಡುವುದು ಈ ಲೆಕ್ಕ. ಹಲಗೆಯ ಮೇಲೆ 1ರಿಂದ 10ರವರೆಗಿನ ಸಂಖ್ಯೆಗಳಿವೆ. ಯಾವುದಾದರೂ ಎರಡನ್ನು ಅಳಿಸಿ, ದೊಡ್ಡದರಿಂದ ಚಿಕ್ಕದನ್ನು ಕಳೆದು, ಬಂದ ವ್ಯತ್ಯಾಸವನ್ನು ಬರೆಯಬೇಕು. ಹೀಗೆ ಒಂದೇ ಸಂಖ್ಯೆ ಉಳಿಯುವವರೆಗೂ ಮಾಡಬೇಕು. ಕೊನೆಗೆ ಉಳಿಯುವುದು 0 ಆಗಬಹುದೇ?

ಸೂತ್ರ ಬೇಡ, ಬೀಜಗಣಿತವೂ ಹೆಚ್ಚು ಬೇಡ, ಕಳೆಯಲು ಬಂದರೆ ಸಾಕು. ಆದರೂ ಪಠ್ಯದ ಲೆಕ್ಕದ ಹಾಗೆ ನೇರ ದಾರಿಯಿಲ್ಲ. 10 ಎಂಬ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದೇನೆ. 11 ಅಥವಾ 12ರವರೆಗೆ ಕೊಟ್ಟರೆ 0 ಬರುತ್ತದೆ. ಮಗು ಒಂದು ದಾರಿ ತೋರಿಸಿದರೆ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. 5 ಅಥವಾ 6ರವರೆಗೆ ಕೊಟ್ಟರೆ ಎಲ್ಲ ಸಾಧ್ಯತೆಗಳನ್ನೂ ಬರೆದು ನೋಡಲು ಹೊರಡುತ್ತಾರೆ. 10ರಲ್ಲಿ ಒಂದು ಸುತ್ತಿಗೆ ಒಂಬತ್ತೇ ಹೆಜ್ಜೆ, ಆಡಿ ನೋಡಬಹುದು. ಆದರೆ ಎಲ್ಲ ದಾರಿಗಳನ್ನೂ ಪರೀಕ್ಷಿಸಿ ಮುಗಿಸಲಾಗದು.

ಇಬ್ಬಿಬ್ಬರಿಗೆ ಹತ್ತು ಚೀಟಿ ಕೊಟ್ಟು ಹದಿನೈದು ನಿಮಿಷ ಸುಮ್ಮನೆ ಬಿಡುತ್ತೇನೆ. ಆ ಹೊತ್ತಿಗೆ ಎರಡು ಬಗೆಯ ಮಾತು ಬರುತ್ತದೆ. ಒಂದು, "ಸರ್, ಆರು ಸಲ ಮಾಡಿದೆವು, ಸೊನ್ನೆ ಬರಲೇ ಇಲ್ಲ, ಹಾಗಾಗಿ ಸಾಧ್ಯವಿಲ್ಲ." ಆರು ಸಲ ಬರಲಿಲ್ಲ ಎಂದರೆ ಏಳನೆಯ ಸಲ ಬರುವುದಿಲ್ಲ ಎಂದೇನಿಲ್ಲ, ಇದನ್ನು ಅಲ್ಲೇ ಹೇಳಬೇಕು. ಇನ್ನೊಂದು, "ನಮಗೆ ಸೊನ್ನೆ ಬಂತು!" ಎಲ್ಲೋ ಕಳೆಯುವಾಗ ತಪ್ಪಿದ್ದಾರೆ, ಇಲ್ಲವೇ ಒಂದು ಚೀಟಿ ಬಿಟ್ಟುಹೋಗಿದೆ. ತಪ್ಪನ್ನು ನಾನು ಹುಡುಕಿಕೊಡುವುದಿಲ್ಲ. ಪ್ರತಿ ಹೆಜ್ಜೆಯ ನಂತರ ಉಳಿದ ಎಲ್ಲ ಸಂಖ್ಯೆಗಳ ಮೊತ್ತ ಬರೆದು ತೋರಿಸಿ ಎನ್ನುತ್ತೇನೆ. ಈ ಕೆಲಸ ಮುಂದಿನ ಸುಳಿವಿಗೂ ನೆಲ ಹದ ಮಾಡುತ್ತದೆ.

ಸುಳಿವುಗಳನ್ನು ಮೂರು ಮಡಚಿದ ಕಾಗದಗಳಲ್ಲಿ ಬರೆದಿಡುತ್ತೇನೆ. ಕೇಳಿದವರಿಗೆ ಮಾತ್ರ, ಒಂದಾದ ಮೇಲೆ ಒಂದು. ಮೊದಲನೆಯದು: "1ರಿಂದ 3, 1ರಿಂದ 4, 1ರಿಂದ 5, 1ರಿಂದ 6 – ಇವುಗಳಲ್ಲಿ ಕೊನೆಗೆ ಏನೇನು ಬರುತ್ತದೆ ಎಂದು ಪಟ್ಟಿ ಮಾಡು." 3ರವರೆಗೆ ಇದ್ದರೆ 0 ಅಥವಾ 2; 4ರವರೆಗೆ ಇದ್ದರೆ 0, 2, 4; 5ಕ್ಕೂ 6ಕ್ಕೂ 1, 3, 5. ಒಂದು ಸಾಲಿನಲ್ಲಿ ಸಮ ಮತ್ತು ಬೆಸ ಎಂದೂ ಬೆರೆಯುವುದಿಲ್ಲ ಎಂಬುದು ಕಣ್ಣಿಗೆ ಬೀಳಬೇಕು. ಇಲ್ಲಿ ಹಲವರು ಎಡವುವುದು ಸೊನ್ನೆಯ ಬಳಿ: ಅದನ್ನು ಸಮವೂ ಅಲ್ಲ, ಬೆಸವೂ ಅಲ್ಲ ಎಂದುಕೊಂಡಿರುತ್ತಾರೆ. 0 = 2 × 0, ಆದ್ದರಿಂದ ಸಮ. ಇದು ತಿಳಿಯಾಗದೆ ಮುಂದೆ ಹೋದರೆ ಕೊನೆಯ ಸಾಲು ನಿಲ್ಲುವುದಿಲ್ಲ.

ಎರಡನೆಯ ಸುಳಿವು: "ಪ್ರತಿ ಹೆಜ್ಜೆಯಲ್ಲಿ ಮೊತ್ತ ಎಷ್ಟು ಇಳಿಯಿತು?" 10 ಮತ್ತು 7 ತೆಗೆದು 3 ಇಟ್ಟರೆ ಮೊತ್ತ 55ರಿಂದ 41ಕ್ಕೆ ಇಳಿಯುತ್ತದೆ, ಅಂದರೆ 14. ಮುಂದೆ 9 ಮತ್ತು 4 ತೆಗೆದು 5 ಇಟ್ಟರೆ 41ರಿಂದ 33ಕ್ಕೆ, ಅಂದರೆ 8. ಮೂರನೆಯದು: "ಆ ಇಳಿಕೆಗೂ ತೆಗೆದ ಎರಡು ಸಂಖ್ಯೆಗಳಿಗೂ ಏನು ಸಂಬಂಧ?" 14 ಎಂದರೆ 7ರ ಎರಡರಷ್ಟು, 8 ಎಂದರೆ 4ರ ಎರಡರಷ್ಟು. ಮೂರನೆಯ ಕಾಗದ ಬಿಚ್ಚಿದವರಲ್ಲಿ ಹೆಚ್ಚಿನವರು ಇಲ್ಲಿ ತಾವೇ ದಾಟುತ್ತಾರೆ. "ಸಮ-ಬೆಸ ನೋಡು" ಎಂಬ ಸುಳಿವನ್ನು ನಾನು ಎಲ್ಲಿಯೂ ಬರೆಯುವುದಿಲ್ಲ. ಅದನ್ನು ಹೇಳಿಬಿಟ್ಟರೆ ಮಗುವಿಗೆ ಉಳಿಯುವುದು ಬರೇ ಕೂಡುವ, ಕಳೆಯುವ ಕೆಲಸ.

ಪರಿಹಾರದ ಹಂದರ ಇಷ್ಟು. ತೆಗೆದ ಸಂಖ್ಯೆಗಳು a ಮತ್ತು b, a ಚಿಕ್ಕದಲ್ಲ ಎಂದಿರಲಿ. ಹಳೆಯ ಮೊತ್ತ S ಆದರೆ ಹೊಸ ಮೊತ್ತ

S − a − b + (a − b) = S − 2b

ಕಳೆದದ್ದು ಸಮ ಸಂಖ್ಯೆ. ಹಾಗಾಗಿ ಮೊತ್ತ ಬೆಸವಿದ್ದರೆ ಬೆಸವಾಗಿಯೇ ಉಳಿಯುತ್ತದೆ. ಆರಂಭದಲ್ಲಿ ಅದು 55, ಬೆಸ. ಕೊನೆಯಲ್ಲಿ ಒಂದೇ ಸಂಖ್ಯೆ ಇರುವಾಗ ಮೊತ್ತವೆಂದರೆ ಆ ಸಂಖ್ಯೆಯೇ, ಅದೂ ಬೆಸವಾಗಿರಬೇಕು. 0 ಸಮ, ಆದ್ದರಿಂದ ಬರಲಾರದು. "ಸೊನ್ನೆ ಬಂತು" ಎಂದವರು ಈಗ ತಮ್ಮ ಮೊತ್ತಗಳ ಪಟ್ಟಿ ನೋಡಿಕೊಳ್ಳಲಿ: ಬೆಸದಿಂದ ಸಮಕ್ಕೆ ಜಿಗಿದ ಹೆಜ್ಜೆಯಲ್ಲೇ ಒಂದು ತಪ್ಪು ಕುಳಿತಿರುತ್ತದೆ.

ಬಹಳ ಕಡೆ ಲೆಕ್ಕವನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇದರ ಎರಡನೆಯ ಭಾಗವೇ ಹೆಚ್ಚು ಮುಖ್ಯ: ಹಾಗಾದರೆ ಕೊನೆಗೆ ಯಾವ ಯಾವ ಸಂಖ್ಯೆ ಬರಬಹುದು? "ಬೆಸ ಸಂಖ್ಯೆಗಳೆಲ್ಲ" ಎಂದು ತಟ್ಟನೆ ಬರೆಯುತ್ತಾರೆ. ಅದರಲ್ಲಿ ಎರಡು ಕೊರತೆಗಳಿವೆ. 11 ಬರಲಾರದು, ಏಕೆಂದರೆ ಸೊನ್ನೆಗಿಂತ ಕಡಿಮೆಯಿಲ್ಲದ ಎರಡು ಸಂಖ್ಯೆಗಳ ವ್ಯತ್ಯಾಸ ಅವುಗಳಲ್ಲಿ ದೊಡ್ಡದನ್ನು ಮೀರುವುದಿಲ್ಲ. ಹಲಗೆಯ ಮೇಲೆ 10ಕ್ಕಿಂತ ದೊಡ್ಡದು ಎಂದೂ ಹುಟ್ಟುವುದಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಕೊನೆಯದು ಬೆಸವೇ ಆಗಿರಬೇಕು ಎಂದು ಸಾಧಿಸಿದ್ದೇವೆ. 1, 3, 5, 7, 9 ಎಲ್ಲವೂ ಬರುತ್ತವೆ ಎಂದು ಇನ್ನೂ ಸಾಧಿಸಿಲ್ಲ. ಒಂದೊಂದಕ್ಕೂ ದಾರಿ ತೋರಿಸಬೇಕು.

ಇದಕ್ಕೆ ಒಂದೇ ಸುಳಿವು ಸಾಕು: "ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ 1." 9 ಬೇಕಾದರೆ 10ನ್ನು ಪಕ್ಕಕ್ಕಿಡಿ. ಉಳಿದವುಗಳಲ್ಲಿ (2,3), (4,5), (6,7), (8,9) ಜೋಡಿಗಳಿಂದ ನಾಲ್ಕು 1 ಸಿಗುತ್ತವೆ, ಮೊದಲಿನ 1 ಸೇರಿ ಐದು. ಅವುಗಳಲ್ಲಿ ಎರಡು ಜೋಡಿ ಸೊನ್ನೆಯಾಗಿ ಒಂದು 1 ಉಳಿಯುತ್ತದೆ. ಸೊನ್ನೆಗಳನ್ನು ಅದರಿಂದ ಕಳೆದರೂ 1 ಹಾಗೇ ಇರುತ್ತದೆ. ಕೊನೆಗೆ 10 − 1 = 9. 5 ಬೇಕಾದರೆ 6ನ್ನು ಪಕ್ಕಕ್ಕಿಟ್ಟು (2,3), (4,5), (7,8), (9,10) ಮಾಡಿದರಾಯಿತು. ಹೀಗೆ ಯಾವ ಸಮ ಸಂಖ್ಯೆಯನ್ನು ಪಕ್ಕಕ್ಕಿಟ್ಟರೂ ಉಳಿದವು ಒಂದು 1 ಮತ್ತು ನಾಲ್ಕು ಜೋಡಿಗಳಾಗಿ ಒಡೆಯುತ್ತವೆ. ಐದೂ ಉತ್ತರಗಳು ಒಂದೇ ಏಟಿಗೆ ಸಿಗುತ್ತವೆ.

ಬರವಣಿಗೆಯಲ್ಲಿ ನಾನು ಈ ಎರಡು ಭಾಗಗಳನ್ನು ಬೇರೆ ಬೇರೆ ತಿದ್ದುತ್ತೇನೆ: "ಬೇರೆ ಯಾವುದೂ ಬರದು" ಒಂದು ಕಡೆ, "ಇವೆಲ್ಲ ಬರುತ್ತವೆ" ಇನ್ನೊಂದು ಕಡೆ. ನಮ್ಮ ದೇಶದ ಗಣಿತ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆಯಾದ ಐಒಕ್ಯುಎಂನಲ್ಲಿ ಉತ್ತರದ ಸಂಖ್ಯೆಯನ್ನಷ್ಟೇ ಗುರುತಿಸುವುದರಿಂದ ಈ ಕೊರತೆ ಮರೆಯಾಗಿಯೇ ಉಳಿಯಬಹುದು. ಮುಂದಿನ ಹಂತವಾದ ಆರ್‌ಎಂಒದಲ್ಲಿ ಸಾಧನೆಯನ್ನು ಪೂರ್ತಿ ಬರೆಯಬೇಕು, ಅಲ್ಲಿ ಒಂದು ಭಾಗ ಬಿಟ್ಟರೆ ಅಂಕ ಹೋಗುತ್ತದೆ.

ಸಮ-ಬೆಸ ಒಂದೇ ಬೀಗದಕೈ ಎಂದು ಮಕ್ಕಳು ನಂಬಿಬಿಡುವ ಅಪಾಯವಿದೆ. ಅದಕ್ಕಾಗಿ ಮರುವಾರ ಇದರ ತಮ್ಮನಂತಿರುವ ಇನ್ನೊಂದು ಲೆಕ್ಕ ಕೊಡುತ್ತೇನೆ. 1, 2, 3, 4 ಬರೆದಿದೆ. ಯಾವುದಾದರೂ ಎರಡು ಸಂಖ್ಯೆ a, b ಅಳಿಸಿ ab + a + b ಬರೆಯಬೇಕು, ಒಂದೇ ಸಂಖ್ಯೆ ಉಳಿಯುವವರೆಗೂ. ಯಾವ ಕ್ರಮದಲ್ಲಿ ಮಾಡಿದರೂ 119 ಬರುತ್ತದೆ, ಏಕೆ? ಮೊತ್ತ ಹಿಡಿದು ಹೊರಟವರು ಸಿಕ್ಕಿಕೊಳ್ಳುತ್ತಾರೆ. ಸುಳಿವು: "ಪ್ರತಿ ಸಂಖ್ಯೆಗೂ 1 ಕೂಡಿ ನೋಡು." ab + a + b + 1 = (a + 1)(b + 1). ಹೀಗೆ 1 ಕೂಡಿದ ಸಂಖ್ಯೆಗಳ ಗುಣಲಬ್ಧ ಬದಲಾಗುವುದೇ ಇಲ್ಲ: 2 × 3 × 4 × 5 = 120, ಅದರಲ್ಲಿ 1 ಕಳೆದರೆ 119.