ಕಾರ್ಡು, ಕೇಸು ಎರಡೂ ಕೈಗೆ ಬರುವ ಮೊದಲೇ ಅಳತೆ: ನನ್ನ ಅನುಭವ

ಕಂಪ್ಯೂಟರ್ ಕೇಸಿನ ವಿವರದಲ್ಲಿ ಬರೆದಿರುವ ಗರಿಷ್ಠ ಗ್ರಾಫಿಕ್ಸ್ ಕಾರ್ಡ್ ಉದ್ದವನ್ನು ನಾನು ಹಾಗೆಯೇ ನಂಬುವುದಿಲ್ಲ. ಎಷ್ಟೋ ಸಲ ಅದು ಮುಂಭಾಗದ ಫ್ಯಾನ್ ಇಲ್ಲದೆ ಅಳೆದ ಉದ್ದವಾಗಿರುತ್ತದೆ. ಮಂಡ್ಯದ ಸ್ನೇಹಿತರೊಬ್ಬರು 330 ಮಿ.ಮೀ. ಎಂದಿದ್ದ ಕೇಸಿಗೆ 310 ಮಿ.ಮೀ. ಕಾರ್ಡು ತಂದರು, 25 ಮಿ.ಮೀ. ದಪ್ಪದ ಫ್ಯಾನ್ ಕೂತ ಮೇಲೆ ಐದು ಮಿ.ಮೀ. ಸಾಲದಾಯಿತು. ಸೀಲು ಒಡೆದ ಡಬ್ಬವನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಸೆಕೆಂಡ್ ಹ್ಯಾಂಡ್ ದರಕ್ಕೆ ಮಾರಿ ಆರೇಳು ಸಾವಿರ ಕಳೆದುಕೊಂಡರು.

ನನ್ನ ಸರದಿ ಬಂದಾಗ, ಎರಡನ್ನೂ ಕೊಳ್ಳುವ ಮೊದಲೇ ಚಿತ್ರದಿಂದ ಅಳೆಯುತ್ತೇನೆ ಎಂದೆ. ಮೈಸೂರಿನ ನನ್ನ ಮಾಮೂಲಿ ಅಂಗಡಿಯಲ್ಲಿ, "ಕೂರಿಸಿ ನೋಡದೆ ಗೊತ್ತಾಗಲ್ಲ ಸಾರ್" ಎಂದು ನಕ್ಕರು. ಆದರೆ ಯಾವ ಕೇಸಿನಲ್ಲಾದರೂ ಹಿಂಬದಿಯಲ್ಲಿ ಕಾರ್ಡು ಕೂರುವ ಒಂದು ಸ್ಲಾಟಿನಿಂದ ಮುಂದಿನದಕ್ಕೆ ಇರುವ ಅಂತರ 20.32 ಮಿ.ಮೀ., ಅಂದರೆ ಮೊದಲನೆಯದರಿಂದ ನಾಲ್ಕನೆಯದಕ್ಕೆ ಸುಮಾರು 61. ಬದಿಯ ಗಾಜು ತೆಗೆದು ನೇರವಾಗಿ ತೆಗೆದ ಚಿತ್ರದಲ್ಲಿ ಈ ಅಂತರ 183 ಪಿಕ್ಸೆಲ್ ಬಂತು, ಎಂದರೆ ಮಿಲಿಮೀಟರಿಗೆ ಮೂರು. ಹಿಂದಿನ ತಗಡಿನಿಂದ ಫ್ಯಾನಿನ ಒಳಮೈಗೆ ಸಾವಿರದಷ್ಟು ಪಿಕ್ಸೆಲ್ ಇತ್ತು. ಹಾಗಾಗಿ 360 ಎಂದು ಬರೆದಿದ್ದ ಕೇಸಿನಲ್ಲಿ ನನಗೆ ಸಿಗುವುದು 333 ಮಾತ್ರ. ಓರೆಯಾಗಿ ತೆಗೆದ ಚಿತ್ರವನ್ನು ಸರಿಪಡಿಸುವ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ.

ಉದ್ದಕ್ಕಿಂತ ಹೆಚ್ಚು ಕಾಡಿದ್ದು ಕಾರ್ಡಿನ ಎತ್ತರ. ಮೊದಲು ಆರಿಸಿದ್ದ ಕಾರ್ಡು ಮದರ್‌ಬೋರ್ಡಿನಿಂದ ಗಾಜಿನ ಕಡೆಗೆ 140 ಮಿ.ಮೀ. ಚಾಚುತ್ತಿತ್ತು. ಅದರ ಹೊಸ ಬಗೆಯ ಪವರ್ ಕೇಬಲ್ಲನ್ನು ಕನೆಕ್ಟರಿನ ಬುಡದಲ್ಲೇ ಬಗ್ಗಿಸಿದರೆ ಪಿನ್ನು ಸಡಿಲಾಗಿ ಬಿಸಿಯೇರುವ ಅಪಾಯವಿರುವುದರಿಂದ ಸುಮಾರು 35 ಮಿ.ಮೀ. ನೇರವಾಗಿ ಬಿಡಬೇಕು. ಒಟ್ಟು 175 ಆಯಿತು. ಗಾಜಿನವರೆಗಿನ ಜಾಗವನ್ನು ಕೇಸಿನವರು ಸಾಮಾನ್ಯವಾಗಿ ಹೇಳುವುದಿಲ್ಲವಾದರೂ ಸಿಪಿಯು ಕೂಲರಿನ ಎತ್ತರದ ಮಿತಿಯನ್ನು ಹೇಳುತ್ತಾರೆ, ಅಂದಾಜಿಗೆ ಅದೇ ಸಾಕು. ಇಲ್ಲಿ ಅದು 165. ಆದ್ದರಿಂದ 322 ಉದ್ದ, 125 ಎತ್ತರ, 60 ದಪ್ಪದ ಬೇರೊಂದು ಕಾರ್ಡಿಗೆ ಎರಡು ಸಾವಿರ ಹೆಚ್ಚು ಕೊಟ್ಟೆ.

ದಪ್ಪದ ಲೆಕ್ಕ ಕೇಸಿಗಿಂತ ಬೋರ್ಡಿಗೆ ಹೆಚ್ಚು ಸಂಬಂಧಿಸಿದ್ದು. ನಾಲ್ಕೇ ಸ್ಲಾಟಿನ ಕೇಸಿನಲ್ಲಿ ಕಾರ್ಡು ಸಿಕ್ಕಿಸುವ ಬೋರ್ಡಿನ ಉದ್ದನೆಯ ಸ್ಲಾಟು ಎರಡನೇ ಸ್ಥಾನದಲ್ಲಿದ್ದರೆ ಮೂರು ಸ್ಲಾಟಿನ ಕಾರ್ಡಿನ ಫ್ಯಾನುಗಳು ಪವರ್ ಸಪ್ಲೈಯ ಮುಚ್ಚಳಕ್ಕೆ ತಾಗಿದಂತಿದ್ದು ಗಾಳಿ ಎಳೆಯಲಾರವು. ಮೊದಲ ಸ್ಥಾನದಲ್ಲಿದ್ದರೆ ಇಪ್ಪತ್ತು ಮಿ.ಮೀ. ಉಳಿಯುತ್ತದೆ, ಬೋರ್ಡನ್ನು ಹಾಗೆಯೇ ಆರಿಸಿದೆ.

ಹಣ ಕೊಡುವ ಮುನ್ನ ಅದೇ ಅಳತೆಯ ರಟ್ಟಿನ ಕಾರ್ಡು ಮಾಡಿ ಅಂಗಡಿಯ ಪ್ರದರ್ಶನದ ಕೇಸಿನೊಳಗೆ ಇಳಿಸಿದೆ. ಕಾರ್ಡನ್ನು ಓರೆಯಾಗಿ ಇಳಿಸಬೇಕಾದ್ದರಿಂದ ಮುಂದೆ ಹತ್ತು ಮಿ.ಮೀ.ಯಾದರೂ ಉಳಿದಿರಲೇಬೇಕು ಎಂಬುದು ಅಲ್ಲಿ ತಿಳಿಯಿತು. ನಿಜವಾದ ಕಾರ್ಡು ಬಂದಾಗ ಹಾಗೆಯೇ ಕೂತಿತು. ನಕ್ಕವರು ಈಗ ಗಿರಾಕಿಗಳಿಗೆ ತೋರಿಸಲು ಆ ರಟ್ಟನ್ನೇ ಇಟ್ಟುಕೊಂಡಿದ್ದಾರೆ.

ಆಮೇಲೆ ಕುತೂಹಲಕ್ಕೆ 15 ಮಿ.ಮೀ.ಯ ತೆಳು ಫ್ಯಾನುಗಳನ್ನು ಹಾಕಿ ನೋಡಿದೆ. ಹತ್ತು ಮಿ.ಮೀ. ಜಾಗ ಸಿಕ್ಕಿತು, ಕಾರ್ಡಿನ ಬಿಸಿ ಮೂರ್ನಾಲ್ಕು ಡಿಗ್ರಿ ಏರಿತು, ಸದ್ದೂ ಹೆಚ್ಚಾಯಿತು. ಹಳೆಯವನ್ನೇ ಮತ್ತೆ ಹಾಕಿದೆ.