ತನಿಖೆ ಎಲ್ಲಿಗೆ ಬಂತು? ಠಾಣೆಗೆ ಆರ್‌ಟಿಐ ಅರ್ಜಿ ಬರೆಯುವ ಬಗೆ

‘ನಮ್ಮ ಪ್ರಕರಣದ ತನಿಖೆ ಯಾಕೆ ತಡವಾಗಿದೆ? ಆರೋಪಿಯನ್ನು ಇನ್ನೂ ಯಾಕೆ ಹಿಡಿದಿಲ್ಲ?’ ಠಾಣೆಗೆ ಹೋಗುವ ಎಷ್ಟೋ ಆರ್‌ಟಿಐ ಅರ್ಜಿಗಳು ಬಿದ್ದುಹೋಗುವುದು ಈ ಎರಡು ಪ್ರಶ್ನೆಗಳಿಂದಲೇ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮಾಹಿತಿ ಎಂದರೆ ಕಚೇರಿಯ ಕಡತದಲ್ಲಿ ಈಗಾಗಲೇ ಇರುವುದು. ‘ಯಾಕೆ’ ಎಂಬುದಕ್ಕೆ ಉತ್ತರ ಕಡತದಲ್ಲಿ ಇರುವುದಿಲ್ಲ, ಅದನ್ನು ಹೊಸದಾಗಿ ಬರೆದುಕೊಡುವ ಹೊಣೆ ಅಧಿಕಾರಿಗೂ ಇಲ್ಲ. ‘ತನಿಖೆ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ, ಅಲ್ಲಿಗೆ ಮುಗಿಯಿತು.

ಒಂದು ಪ್ರಕರಣ ಇಟ್ಟುಕೊಂಡೇ ನೋಡೋಣ. 2024ರ ಸೆಪ್ಟೆಂಬರ್‌ನಲ್ಲಿ ಹಾವೇರಿ ಹತ್ತಿರದ ಹೆದ್ದಾರಿಯಲ್ಲಿ ಬೈಕಿಗೆ ಲಾರಿಯೊಂದು ಗುದ್ದಿ ಓಡಿಹೋಗಿದೆ, ಸವಾರ ತೀರಿಕೊಂಡಿದ್ದಾನೆ, ಅಣ್ಣ ಫಿರ್ಯಾದಿ. ಸ್ಥಳದಲ್ಲಿ ಸಿಕ್ಕ ಹೆಡ್‌ಲೈಟ್ ಗಾಜಿನ ಚೂರು, ಬಣ್ಣದ ಚಕ್ಕೆ ಪಂಚನಾಮೆಯಲ್ಲಿ ಬರೆದಿವೆ. ಅದಾದ ಮೇಲೆ ಮನೆಯವರಿಗೆ ಒಂದು ಸುದ್ದಿಯೂ ಇಲ್ಲ.

ಯಾರ ಹೆಸರಲ್ಲಿ, ಯಾರಿಗೆ

ಅರ್ಜಿ ಫಿರ್ಯಾದಿಯ ಹೆಸರಲ್ಲೇ ಇರಲಿ. ಯಾವ ನಾಗರಿಕನಾದರೂ ಕೇಳಬಹುದು, ಕಾರಣ ಹೇಳಬೇಕಿಲ್ಲ, ನಿಜ. ಆದರೆ ‘ಮೂರನೆಯವರ ಮಾಹಿತಿ’ ಎಂಬ ನೆಪಕ್ಕೆ ನಾವೇ ಯಾಕೆ ದಾರಿ ಮಾಡಿಕೊಡಬೇಕು?

ವಿಳಾಸದಲ್ಲಿ ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಎಂದು ಬರೆದು ಠಾಣೆಯ ಅಥವಾ ಜಿಲ್ಲಾ ಪೊಲೀಸ್ ಕಚೇರಿಯ ವಿಳಾಸ ಹಾಕಿ. ತಪ್ಪು ಕಚೇರಿಗೆ ಹೋದರೂ 6(3)ನೇ ಕಲಮಿನಂತೆ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ಹುಬ್ಬಳ್ಳಿ–ಧಾರವಾಡದವರು ಒಂದು ನೆನಪಿಡಿ: ಅವಳಿ ನಗರದ ಠಾಣೆಗಳು ನವನಗರದ ಪೊಲೀಸ್ ಕಮಿಷನರ್ ಕಚೇರಿಯ ಕೆಳಗೆ ಬರುತ್ತವೆ, ಧಾರವಾಡದ ಎಸ್‌ಪಿ ಕಚೇರಿಯ ಕೆಳಗಲ್ಲ. ಅಲ್ಲಿಗೆ ಕಳಿಸಿದರೆ ವರ್ಗಾವಣೆಯಲ್ಲೇ ಒಂದು ವಾರ ಹೋಗುತ್ತದೆ.

ಪ್ರಶ್ನೆ ಬರೆಯುವುದು

ಕೆಲಸ ಇರುವುದು ಇಲ್ಲೇ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಅಪಘಾತದ ಕಥೆ, ಮನೆಯವರ ದುಃಖ, ಠಾಣೆಗೆ ಎಷ್ಟು ಸಲ ಅಲೆದಿರಿ ಎಂಬುದು ಯಾವುದೂ ಬೇಡ. ಠಾಣೆಯ ಹೆಸರು, ಅಪರಾಧ ಸಂಖ್ಯೆ, ಎಫ್‌ಐಆರ್ ತಾರೀಖು ಬರೆದು ನೇರ ಪ್ರಶ್ನೆಗೆ ಇಳಿಯಿರಿ.

ಕೇಳಬೇಕಾದ್ದು ತಾರೀಖು ಮತ್ತು ನಂಬರು. ಠಾಣೆಯಲ್ಲಿ ಪ್ರತಿ ಕಾಗದ ಹೋಗಿದ್ದಕ್ಕೂ ಬಂದಿದ್ದಕ್ಕೂ ದಾಖಲೆ ಇರುತ್ತದೆ. ಕಾಗದದ ಒಳಗೇನಿದೆ ಎಂದು ಕೇಳಿದರೆ ತನಿಖೆಗೆ ಅಡ್ಡಿ ಎನ್ನಬಹುದು. ಅದು ಯಾವತ್ತು ಹೋಯಿತು ಎಂದು ಕೇಳಿದರೆ ಹಾಗೆನ್ನುವುದು ಕಷ್ಟ. ನಮ್ಮ ಪ್ರಕರಣಕ್ಕೆ ಐದು ಪ್ರಶ್ನೆ ಸಾಕು:

1. ಎಫ್‌ಐಆರ್ ಆದಾಗಿನಿಂದ ಇಂದಿನವರೆಗೆ ಈ ಪ್ರಕರಣದ ತನಿಖಾಧಿಕಾರಿಗಳ ಹುದ್ದೆ, ಪ್ರತಿಯೊಬ್ಬರೂ ತನಿಖೆ ವಹಿಸಿಕೊಂಡ ದಿನಾಂಕ.
2. ಜಪ್ತಾದ ಗಾಜಿನ ಚೂರು, ಬಣ್ಣದ ಚಕ್ಕೆಯನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ ಪತ್ರದ ಸಂಖ್ಯೆ, ದಿನಾಂಕ. ವರದಿ ಬಂದಿದ್ದರೆ ಬಂದ ದಿನಾಂಕ.
3. ಬಿಎನ್‌ಎಸ್‌ಎಸ್ 193(3)ರ ಪ್ರಕಾರ ಫಿರ್ಯಾದಿಗೆ ತನಿಖೆಯ ಪ್ರಗತಿ ತಿಳಿಸಿದ ದಿನಾಂಕ, ತಿಳಿಸಿದ ಪತ್ರ ಅಥವಾ ಸಂದೇಶದ ಪ್ರತಿ.
4. ಅಂತಿಮ ವರದಿ ಸಲ್ಲಿಕೆಯಾಗಿದೆಯೇ? ಆಗಿದ್ದರೆ ಯಾವ ಬಗೆಯ ವರದಿ, ದಿನಾಂಕ, ನ್ಯಾಯಾಲಯದ ಹೆಸರು.
5. ದಾಖಲೆಯ ಯಾವುದಾದರೂ ಭಾಗ ಕೊಡಲಾಗದಿದ್ದರೆ, 10ನೇ ಕಲಮಿನಂತೆ ಅದನ್ನು ಬಿಟ್ಟು ಉಳಿದ ಭಾಗ.

ಎರಡನೆಯ ಪ್ರಶ್ನೆಗೆ ಉತ್ತರವಾಗಿ ‘ಕಳಿಸಿಲ್ಲ’ ಎಂದು ಬಂದರೆ ತನಿಖೆ ಎಲ್ಲಿ ನಿಂತಿದೆ ಎಂದು ಆ ಒಂದು ಪದವೇ ಹೇಳುತ್ತದೆ. ಮೂರನೆಯದಕ್ಕೂ ಅಷ್ಟೇ ಬಲ ಇದೆ. ಬಿಎನ್‌ಎಸ್‌ಎಸ್ ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ; 2024ರ ಜುಲೈ 1ರಿಂದ ಜಾರಿಗೆ ಬಂದ ಈ ಹೊಸ ಸಂಹಿತೆಯಂತೆ 90 ದಿನದೊಳಗೆ ಫಿರ್ಯಾದಿಗೋ ಸಂತ್ರಸ್ತರಿಗೋ ಪ್ರಗತಿ ತಿಳಿಸುವುದು ಪೊಲೀಸರ ಕರ್ತವ್ಯ. ಎಫ್‌ಐಆರ್ ಅದಕ್ಕಿಂತ ಹಳೆಯದಾಗಿದ್ದರೆ ಆ ಪ್ರಶ್ನೆ ಕೈಬಿಡಿ.

ನಾಲ್ಕನೆಯದನ್ನು ಮಾತ್ರ ಎಂದಿಗೂ ಬಿಡಬೇಡಿ. ತನಿಖೆ ನಿಂತಿದೆ ಎಂದು ಮನೆಯವರು ಕಾಯುತ್ತಿರುತ್ತಾರೆ, ಅತ್ತ ‘ಪತ್ತೆಯಾಗದ ಪ್ರಕರಣ’ ಎಂದು ಸಿ ರಿಪೋರ್ಟ್ ನ್ಯಾಯಾಲಯ ಸೇರಿ ತಿಂಗಳುಗಳೇ ಆಗಿರುತ್ತವೆ. ಹಾಗಿದ್ದರೆ ಮುಂದಿನ ದಾರಿ ಆರ್‌ಟಿಐ ಅಲ್ಲ, ಅದೇ ನ್ಯಾಯಾಲಯದಲ್ಲಿ ತಕರಾರು ಅರ್ಜಿ.

ಕೇಸ್ ಡೈರಿ, ಸಾಕ್ಷಿಗಳ ಹೇಳಿಕೆ, ಶಂಕಿತರ ಹೆಸರು, ಮೊಬೈಲ್ ಕರೆಗಳ ವಿವರ ಇವನ್ನು ಕೇಳಬೇಡಿ. ಇಂಥ ಒಂದು ಪ್ರಶ್ನೆ ಸೇರಿದರೆ ಅದನ್ನೇ ಹಿಡಿದು ಇಡೀ ಅರ್ಜಿಯನ್ನು ತಳ್ಳಿಹಾಕುತ್ತಾರೆ. ಕೋರ್ಟ್ ಮುಂದಿನ ಝೆರಾಕ್ಸ್ ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ಅರ್ಜಿಯಲ್ಲಿ ‘ಸಂಪೂರ್ಣ ಕಡತದ ದೃಢೀಕೃತ ನಕಲು ಕೊಡಿ’ ಎಂದು ಅಚ್ಚಾಗಿರುತ್ತದೆ. ಅದನ್ನು ದುಡ್ಡು ಕೊಟ್ಟು ತರುವುದಕ್ಕಿಂತ ಬಿಳಿ ಹಾಳೆಯಲ್ಲಿ ಕೈಯಿಂದ ಬರೆಯುವುದೇ ಮೇಲು. ಮೇಲ್ಗಡೆ ಕೆಂಪು ಶಾಯಿಯಲ್ಲಿ ‘48 ಗಂಟೆಯೊಳಗೆ ಕೊಡಿ’ ಎಂದು ಬರೆಸುವವರೂ ಇದ್ದಾರೆ. ಆ ಅವಧಿ ಒಬ್ಬರ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ ಮಾತ್ರ, ಇಂಥ ಪ್ರಕರಣದಲ್ಲಿ ನಡೆಯುವುದಿಲ್ಲ.

ಶುಲ್ಕ, ಟಪಾಲು

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಮಾಡಿಸಿ, ಅದರ ನಂಬರನ್ನು ಅರ್ಜಿಯಲ್ಲೂ ಬರೆಯಿರಿ. ಬಿಪಿಎಲ್ ಕಾರ್ಡಿದ್ದರೆ ಅದರ ನಕಲು ಲಗತ್ತಿಸಿ, ಶುಲ್ಕ ಬೇಡ. ಠಾಣೆಯಲ್ಲಿ ಕೈಗೆ ಕೊಟ್ಟರೆ ‘ಇಟ್ಟು ಹೋಗ್ರಿ, ಸಾಹೇಬ್ರು ಬಂದ ಮ್ಯಾಲೆ ಕೊಡ್ತೀವಿ’ ಎನ್ನುವುದುಂಟು. ಸಹಿ, ಮೊಹರು ಹಾಕಿದ ಸ್ವೀಕೃತಿ ಕೊಡದಿದ್ದರೆ ಅರ್ಜಿ ಬಿಟ್ಟು ಬರಬೇಡಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. 30 ದಿನದ ಲೆಕ್ಕ ಶುರುವಾಗುವುದು ಅರ್ಜಿ ಅವರಿಗೆ ತಲುಪಿದ ದಿನದಿಂದ.

8(1)(ಎಚ್) ಎಂದು ಬಂದರೆ

ಬಂದೇ ಬರುತ್ತದೆ ಎಂದುಕೊಂಡೇ ಸಿದ್ಧರಾಗಿ. ‘ತನಿಖೆ ಬಾಕಿ ಇರುವುದರಿಂದ 8(1)(ಎಚ್) ಅನ್ವಯ ಮಾಹಿತಿ ನೀಡಲು ಬರುವುದಿಲ್ಲ’ ಎಂಬುದು ಸಿದ್ಧ ಹಿಂಬರಹ. ಅದನ್ನು ನೋಡಿ ಸುಮ್ಮನಾಗುವವರೇ ಹೆಚ್ಚು, ಆದರೆ ಆ ಕಲಮು ಹೇಳುವುದು ಬೇರೆ. ತನಿಖೆ ನಡೆಯುತ್ತಿದೆ ಎಂಬುದಷ್ಟೇ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೋ ಆರೋಪಿಯನ್ನು ಹಿಡಿಯುವುದಕ್ಕೋ ಅಡ್ಡಿಯಾಗುವಂತಿರಬೇಕು. 2007ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಭಗತ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಸ್ಪಷ್ಟಪಡಿಸಿತು: ತನಿಖೆ ಬಾಕಿ ಇದೆ ಎಂಬುದೇ ನಿರಾಕರಣೆಗೆ ಕಾರಣವಾಗದು, ಅಡ್ಡಿ ಹೇಗೆ ಎಂಬುದಕ್ಕೆ ಅಧಿಕಾರಿ ಕಾರಣ ಕೊಡಬೇಕು.

ಹಿಂಬರಹ ಕೈಸೇರಿದ 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿ. ಉತ್ತರವೇ ಬಾರದಿದ್ದರೆ 30 ದಿನ ಮುಗಿದ ಮೇಲಿನ 30 ದಿನದೊಳಗೆ. ಯಾರಿಗೆ ಹಾಕಬೇಕು ಎಂಬುದನ್ನು ಹಿಂಬರಹದಲ್ಲೇ ತಿಳಿಸಬೇಕು. ಮೇಲ್ಮನವಿಯೂ ಉದ್ದ ಬೇಡ: ‘ತನಿಖಾಧಿಕಾರಿ ಬದಲಾದ ದಿನಾಂಕ, ಪ್ರಯೋಗಾಲಯಕ್ಕೆ ಪತ್ರ ಹೋದ ದಿನಾಂಕ ತಿಳಿಸಿದರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ಹಿಂಬರಹದಲ್ಲಿ ಹೇಳಿಲ್ಲ. ನಿರಾಕರಣೆ ಸರಿ ಎಂದು ತೋರಿಸುವ ಹೊಣೆ 19(5)ರಂತೆ ಮಾಹಿತಿ ಅಧಿಕಾರಿಯದು.’ ಇಷ್ಟು ಬರೆದು ತೀರ್ಪಿನ ಹೆಸರು, ವರ್ಷ ಸೇರಿಸಿ, ಅರ್ಜಿ ಮತ್ತು ಹಿಂಬರಹದ ನಕಲು ಲಗತ್ತಿಸಿ. ಇಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಲ್ಲಿ ವಿಚಾರಣೆಗೆ ಬಹಳ ಕಾಲ ಹಿಡಿಯುತ್ತದೆ, ಅದನ್ನೊಂದೇ ನಂಬಿ ಕೂರಬೇಡಿ.

ಉತ್ತರ ಬಂದ ಮೇಲೆ

ಆರ್‌ಟಿಐಯಿಂದ ತನಿಖೆ ಚುರುಕಾಗುವುದಿಲ್ಲ, ಕೈಗೆ ಸಿಗುವುದು ದಾಖಲೆ. ಗಾಜಿನ ಚೂರು ಪ್ರಯೋಗಾಲಯಕ್ಕೆ ಹೋಗೇ ಇಲ್ಲ ಎಂದು ಠಾಣೆಯೇ ಬರೆದುಕೊಟ್ಟಿದ್ದರೆ, ಆ ಉತ್ತರದ ನಕಲು ಲಗತ್ತಿಸಿ ಎಸ್‌ಪಿಗೆ ಲಿಖಿತ ಮನವಿ ಕೊಡಿ. ಅಲ್ಲಿಂದಲೂ ಏನೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್ 175(3)ರ ಕೆಳಗೆ ಅರ್ಜಿ ಹಾಕಬಹುದು. ಸರಿಯಾದ ತನಿಖೆ ನಡೆಯುವಂತೆ ನೋಡಿಕೊಳ್ಳುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ ಎಂದು ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ, ಹಳೆಯ ಸಂಹಿತೆಯ 156(3)ನೇ ಕಲಮಿನ ಕೆಳಗೆ, ಸಾಕಿರಿ ವಾಸು ಪ್ರಕರಣದಲ್ಲಿ ಹೇಳಿದೆ. ಎಸ್‌ಪಿಗೆ ಕೊಟ್ಟ ಮನವಿಯ ಸ್ವೀಕೃತಿ ಇಲ್ಲದೆ ವಕೀಲರ ಹತ್ತಿರ ಹೋಗಬೇಡಿ, ಅವರು ಮೊದಲು ಕೇಳುವುದು ಅದನ್ನೇ.