ಮೌಸೋ ಕಂಟ್ರೋಲರೋ: ಆಟ ಕೇಳುವುದು ‘ಎಲ್ಲಿ’ ಎಂದೋ, ‘ಎಷ್ಟು’ ಎಂದೋ?

ಪಿಸಿಯಲ್ಲಿ ಹೊಸದಾಗಿ ಆಡಲು ಶುರು ಮಾಡಿದವರು ಕಂಟ್ರೋಲರ್ ಒಳ್ಳೆಯದೋ ಕೀಬೋರ್ಡ್-ಮೌಸ್ ಒಳ್ಳೆಯದೋ ಎಂದು ಕೇಳಿದರೆ ನಾನು ಮೊದಲು ಆಟದ ಹೆಸರು ಕೇಳುತ್ತೇನೆ. ಆಮೇಲೆ ಒಂದೇ ಪ್ರಶ್ನೆ: ಆ ಆಟದಲ್ಲಿ ಕೈ ಹೇಳಬೇಕಾದದ್ದು ‘ಎಲ್ಲಿ’ ಎಂದೋ, ‘ಎಷ್ಟು’ ಎಂದೋ? ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಮೌಸ್ ಹೇಳುವುದು ‘ಎಲ್ಲಿ’ ಎಂಬುದನ್ನು. ಕೈ ಇಷ್ಟು ಸೆಂಟಿಮೀಟರ್ ಸರಿದರೆ ನೋಟ ಇಷ್ಟು ಡಿಗ್ರಿ ತಿರುಗುತ್ತದೆ. ಕೈ ನಿಂತಲ್ಲಿ ನೋಟವೂ ನಿಲ್ಲುತ್ತದೆ. ಕಂಟ್ರೋಲರಿನ ಬಲ ಸ್ಟಿಕ್ ಹಾಗಲ್ಲ. ಅದನ್ನು ಎಷ್ಟು ಬಾಗಿಸಿದ್ದೀರಿ ಎಂಬುದು ತಿರುಗುವ ವೇಗವನ್ನು ಹೇಳುತ್ತದೆಯೇ ಹೊರತು ಎಲ್ಲಿ ನಿಲ್ಲಬೇಕು ಎಂಬುದನ್ನಲ್ಲ. ನಿಲ್ಲಿಸಲು ಸರಿಯಾದ ಗಳಿಗೆಯಲ್ಲಿ ಸ್ಟಿಕ್ಕನ್ನು ನಡುವಿಗೆ ಬಿಡಬೇಕು.

ಇದನ್ನು ಲೆಕ್ಕದಲ್ಲೇ ನೋಡಬಹುದು. ಕೌಂಟರ್-ಸ್ಟ್ರೈಕ್ 2 ಆಟದಲ್ಲಿ ಸೆನ್ಸಿಟಿವಿಟಿ 1 ಇದ್ದಾಗ ಮೌಸ್ ಕಳಿಸುವ ಪ್ರತಿ ಎಣಿಕೆಗೆ ನೋಟ 0.022 ಡಿಗ್ರಿ ತಿರುಗುತ್ತದೆ. ಮೌಸ್ 800 ಡಿಪಿಐನಲ್ಲಿದ್ದರೆ ಒಂದು ಇಂಚಿಗೆ 800 ಎಣಿಕೆ. ಹಾಗಾದರೆ ಪೂರ್ತಿ ಒಂದು ಸುತ್ತು ತಿರುಗಲು ಸುಮಾರು 52 ಸೆಂ.ಮೀ. ಬೇಕು. ಸೆನ್ಸಿಟಿವಿಟಿ 2 ಮಾಡಿದರೆ 26 ಸೆಂ.ಮೀ. ಹಿಂದೆ ಸದ್ದು ಕೇಳಿ ಪೂರ್ತಿ ಹಿಂತಿರುಗಬೇಕಾದರೆ 13 ಸೆಂ.ಮೀ. ಎಳೆದರೆ ಸಾಕು, ಒಂದೇ ಬೀಸಿಗೆ ಆಗುತ್ತದೆ. ಅದೇ ಕೆಲಸಕ್ಕೆ ಸೆಕೆಂಡಿಗೆ ಗರಿಷ್ಠ 180 ಡಿಗ್ರಿ ತಿರುಗುವಂತೆ ಹೊಂದಿಸಿದ ಸ್ಟಿಕ್ ಇದ್ದರೆ, ಎಷ್ಟೇ ಚುರುಕಿನ ಹೆಬ್ಬೆರಳಾದರೂ ಒಂದು ಸೆಕೆಂಡ್ ಕಾಯಲೇಬೇಕು. ವೇಗ ಹೆಚ್ಚಿಸಿದರೆ ಹಿಂತಿರುಗುವುದು ಬೇಗ ಆಗುತ್ತದೆ, ಆದರೆ ದೂರದ ತಲೆಯ ಮೇಲೆ ಗುರಿ ನಿಲ್ಲಿಸುವುದು ಅಷ್ಟೇ ಕಷ್ಟವಾಗುತ್ತದೆ.

ಈ ಕೊರತೆ ತುಂಬಲೆಂದೇ ಶೂಟರ್ ಆಟಗಳು ಕಂಟ್ರೋಲರ್ ಹಿಡಿದವರಿಗೆ ಏಮ್ ಅಸಿಸ್ಟ್ ಕೊಡುತ್ತವೆ: ಗುರಿಯ ಹತ್ತಿರ ಬಂದಾಗ ತಿರುಗುವ ವೇಗ ತಾನಾಗಿ ತಗ್ಗುತ್ತದೆ, ಕೆಲವು ಆಟಗಳಲ್ಲಿ ನೋಟ ಎದುರಾಳಿಯ ಜೊತೆ ಸ್ವಲ್ಪ ಸರಿಯುತ್ತದೆ. ಅಪೆಕ್ಸ್ ಲೆಜೆಂಡ್ಸ್, ಫೋರ್ಟ್‌ನೈಟ್ ತರಹದ ಆಟಗಳಲ್ಲಿ ಇದರ ಬಲದಿಂದ ಕಂಟ್ರೋಲರಿನವರು ಹತ್ತಿರದ ಕಾಳಗದಲ್ಲಿ ಚೆನ್ನಾಗಿಯೇ ಆಡುತ್ತಾರೆ. ವ್ಯಾಲೊರಂಟ್ ಪಿಸಿಯಲ್ಲಿ ಕಂಟ್ರೋಲರನ್ನು ಒಪ್ಪುವುದೇ ಇಲ್ಲ. ಆದ್ದರಿಂದ ಶೂಟರ್ ಎಂದರೆ ಮೌಸ್ ಎಂದು ಹೇಳುವ ಮೊದಲು ಆ ಆಟದಲ್ಲಿ ಏಮ್ ಅಸಿಸ್ಟ್ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮಾತೇ ಇಲ್ಲ, ಮೌಸೇ.

ಇನ್ನು ‘ಎಷ್ಟು’ ಎಂಬ ಕಡೆಗೆ ಬರೋಣ. ಇಲ್ಲಿ ಸೋಲುವುದು ಕೀಬೋರ್ಡ್. ಸಾಮಾನ್ಯ ಕೀಲಿಗೆ ಇರುವುದು ಎರಡೇ ಸ್ಥಿತಿ: ಒತ್ತಿದ್ದು, ಬಿಟ್ಟದ್ದು. ರೇಸಿಂಗ್ ಆಟದಲ್ಲಿ W ಒತ್ತಿದರೆ ಆಕ್ಸಿಲರೇಟರ್ ಪೂರ್ತಿ, A ಒತ್ತಿದರೆ ಸ್ಟಿಯರಿಂಗ್ ಪೂರ್ತಿ ಎಡಕ್ಕೆ. ಎಕ್ಸ್‌ಬಾಕ್ಸ್ ಕಂಟ್ರೋಲರಿನ ಟ್ರಿಗರ್ ಆದರೋ 0ಯಿಂದ 255ರವರೆಗೆ ಮೌಲ್ಯ ಕಳಿಸುತ್ತದೆ. ಸ್ಟಿಕ್ ಇನ್ನೂ ನಯವಾಗಿ, ನಡುವಿನಿಂದ ಆಚೀಚೆ ತಲಾ 32 ಸಾವಿರ ಮೆಟ್ಟಿಲುಗಳಲ್ಲಿ. ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರಗಳು ಜಾರದಂತೆ ಅರ್ಧ ಆಕ್ಸಿಲರೇಟರ್ ಕೊಡಬೇಕೆಂದರೆ ಟ್ರಿಗರಿನಲ್ಲಿ ಬೆರಳು ಅರ್ಧಕ್ಕೆ ನಿಲ್ಲಿಸಿದರಾಯಿತು. ಕೀಬೋರ್ಡಿನಲ್ಲಿ W ಕೀಲಿಯನ್ನು ಟಕ ಟಕ ಎಂದು ಬಡಿಯುತ್ತಿರಬೇಕು. ಆಟ ತಯಾರಿಸಿದವರು ಇದನ್ನು ಬಲ್ಲರು, ಅದಕ್ಕೇ ಕೀಲಿ ಒತ್ತಿದಾಗ ಸ್ಟಿಯರಿಂಗ್ ಒಮ್ಮೆಲೇ ತಿರುಗದೆ ಸ್ವಲ್ಪ ಸಮಯ ತೆಗೆದುಕೊಂಡು ತಿರುಗುವಂತೆ ಮಾಡಿರುತ್ತಾರೆ. ಆ ತಡವೇ ಮತ್ತೊಂದು ತೊಂದರೆ: ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಚಿಕ್ಕದೊಂದು ತಿದ್ದುಪಡಿ ಮಾಡಲು ಹೋದರೆ ಅದು ಹೆಚ್ಚಾಗಿ, ಅದನ್ನು ತಿದ್ದಲು ಹೋಗಿ ಇನ್ನೊಂದು ಕಡೆಗೆ ಹೆಚ್ಚಾಗಿ, ಗಾಡಿ ಹಾವಿನ ಹಾಗೆ ಹರಿಯುತ್ತದೆ. ಹಾವಿನ ನಡೆ ಕಂಡರೆ ತಪ್ಪು ಆಡುವವರದ್ದಲ್ಲ, ಕೀಲಿಯದ್ದು ಎಂದೇ ತಿಳಿಯಿರಿ.

ಹಾಗೆಂದು ಕೀಬೋರ್ಡನ್ನು ಎಲ್ಲೆಡೆಯೂ ತಳ್ಳಿಹಾಕಬೇಡಿ. ಸೆಲೆಸ್ಟ್‌ನಂಥ ಜಿಗಿತದ ಆಟಗಳಲ್ಲಿ ಎಂಟು ದಿಕ್ಕು ಸಾಕು, ಫೈಟಿಂಗ್ ಆಟಗಳಲ್ಲೂ ಅಷ್ಟೇ. ಅಲ್ಲಿ ‘ಎಷ್ಟು’ ಎಂಬ ಪ್ರಶ್ನೆಯೇ ಇಲ್ಲ. ಸ್ಟಿಕ್ ಬದಲು ಕಂಟ್ರೋಲರಿನ ಡಿ-ಪ್ಯಾಡ್ ಅಥವಾ ಕೀಬೋರ್ಡ್ ಬಳಸಿದರೆ ನೇರ ಮೇಲಕ್ಕೆ ಎಂದದ್ದು ಓರೆಯಾಗಿ ಹೋಗುವ ತಾಪತ್ರಯ ಕಡಿಮೆ. ಆದರೆ ಅಗ್ಗದ ಕೀಬೋರ್ಡುಗಳಲ್ಲಿ ಒಂದು ಕಿರಿಕಿರಿ ಇದೆ. ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ದಾಖಲಾಗುವುದೇ ಇಲ್ಲ. ನೋಟ್‌ಪ್ಯಾಡ್ ತೆರೆದು ಎಡ ಬಾಣ, ಮೇಲಿನ ಬಾಣ ಎರಡನ್ನೂ ಒತ್ತಿಹಿಡಿದು ಸ್ಪೇಸ್ ಒತ್ತಿ. ಖಾಲಿ ಜಾಗ ಬೀಳದಿದ್ದರೆ ನಿಮ್ಮ ಪಾತ್ರ ಆ ದಿಕ್ಕಿಗೆ ಓಡುತ್ತಾ ಎಂದಿಗೂ ಜಿಗಿಯುವುದಿಲ್ಲ. ತೊಂದರೆ ಕೆಲವೇ ಜೋಡಣೆಗಳಿಗೆ ಸೀಮಿತವಾದ್ದರಿಂದ ಜಿಗಿತವನ್ನು ಬೇರೆ ಕೀಲಿಗೆ ಹಾಕಿ ಮತ್ತೆ ಪರೀಕ್ಷಿಸಿದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ.

ಎಲ್ಡನ್ ರಿಂಗ್ ತರಹದ, ಪಾತ್ರವನ್ನು ಬೆನ್ನ ಹಿಂದಿನಿಂದ ನೋಡುವ ಆಟಗಳಿಗೆ ನಾನು ಕಂಟ್ರೋಲರನ್ನೇ ಹೇಳುತ್ತೇನೆ. ಅಲ್ಲಿ ಶತ್ರುವಿನ ಮೇಲೆ ಲಾಕ್ ಮಾಡಬಹುದಾದ್ದರಿಂದ ನಿಖರ ಗುರಿಯ ಹೊರೆ ಕಡಿಮೆ. ನಿಧಾನ ನಡಿಗೆಯಿಂದ ಓಟದವರೆಗೆ, ಯಾವ ಕೋನಕ್ಕೆ ಬೇಕಾದರೂ ಸುತ್ತುಹಾಕುವುದು ಎಡ ಸ್ಟಿಕ್‌ಗೆ ಸಲೀಸು. ಒಂದು ಇಕ್ಕಟ್ಟು ಮಾತ್ರ ಇದೆ: ಬಲ ಹೆಬ್ಬೆರಳು ಒಂದೇ. ಪಕ್ಕಕ್ಕೆ ಉರುಳುವ ಬಟನ್ ಒತ್ತಲು ಅದು ಸ್ಟಿಕ್ ಬಿಟ್ಟು ಹೋಗಬೇಕು, ಆ ಕ್ಷಣ ಕ್ಯಾಮರಾ ಅನಾಥ. ಮೌಸ್ ಹಿಡಿದವರಿಗೆ ಈ ಕಷ್ಟವಿಲ್ಲ. ಲಾಕ್ ಬಳಸದೆ ಆಡುವ ಹಟವಿದ್ದರೆ ಹಿಂಬದಿಯಲ್ಲಿ ಹೆಚ್ಚುವರಿ ಬಟನ್ ಇರುವ ಕಂಟ್ರೋಲರ್ ಉಪಯೋಗಕ್ಕೆ ಬರುತ್ತದೆ.

ಸೈನ್ಯ ನಡೆಸುವ ಆಟಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಪ್ಪತ್ತು ಸೈನಿಕರ ಸುತ್ತ ಚೌಕ ಎಳೆದು, Ctrl+1 ಒತ್ತಿ ಗುಂಪು ಕಟ್ಟಿ, ನಕ್ಷೆಯ ಇನ್ನೊಂದು ಮೂಲೆಗೆ ಹಾರುವುದು ಸ್ಟಾರ್‌ಕ್ರಾಫ್ಟ್ 2ರಲ್ಲಿ ಉಸಿರಾಟದಷ್ಟು ಸಾಮಾನ್ಯ. ಸ್ಟಿಕ್ ಹಿಡಿದು ಅದನ್ನು ಮಾಡುವುದು ಶಿಕ್ಷೆ. ಡಯಾಬ್ಲೊ 4 ನಡುವೆ ನಿಲ್ಲುತ್ತದೆ: ಸ್ಟಿಕ್ಕಿನಲ್ಲಿ ಪಾತ್ರವನ್ನು ನಡೆಸುವುದು ಹಿತ, ಆದರೆ ನೆಲದ ಇಂಥದೇ ಜಾಗದಲ್ಲಿ ಮಂತ್ರ ಬೀಳಿಸಬೇಕೆಂದರೆ ಮೌಸ್ ನೆನಪಾಗುತ್ತದೆ.

ಯಾವುದನ್ನೇ ಆರಿಸಿದರೂ ಹೊಂದಿಸದೆ ಆಡಿದರೆ ತಪ್ಪು ಸಾಧನಕ್ಕೆ ತಪ್ಪು ದೂರು ಬರುತ್ತದೆ. ಮೌಸಿಗೆ ನಾನು ಮಾಡುವುದು ಹೀಗೆ. Win+R ಒತ್ತಿ ಇದನ್ನು ಟೈಪ್ ಮಾಡಿ:

```
main.cpl
```

ತೆರೆದ ಕಿಟಕಿಯ Pointer Options ಪುಟದಲ್ಲಿ Enhance pointer precision ಎದುರಿನ ಗುರುತನ್ನು ತೆಗೆಯಿರಿ. ಅದು ಇದ್ದರೆ ಕೈಯ ವೇಗದ ಮೇಲೆ ದೂರ ಬದಲಾಗುತ್ತದೆ, ‘ಎಲ್ಲಿ’ ಎಂಬ ನಂಟೇ ಕಡಿದುಹೋಗುತ್ತದೆ. ಆಟದಲ್ಲಿ Raw Input ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ಪರೀಕ್ಷೆ ಸುಲಭ: ಗೋಡೆಯ ಒಂದು ಚುಕ್ಕೆಗೆ ಗುರಿಯಿಟ್ಟು, ಸ್ಕೇಲಿನ ಪಕ್ಕದಲ್ಲಿ ಮೌಸನ್ನು 20 ಸೆಂ.ಮೀ. ನಿಧಾನಕ್ಕೆ ಬಲಕ್ಕೆ ಎಳೆದು, ಅಷ್ಟೇ ದೂರ ರಭಸದಿಂದ ವಾಪಸ್ ತನ್ನಿ. ಗುರಿ ಹೆಚ್ಚುಕಡಿಮೆ ಅದೇ ಚುಕ್ಕೆಗೆ ಬಂದರೆ ಸರಿ. ದೂರ ಎಲ್ಲೋ ಹೋಗಿ ನಿಂತರೆ ವೇಗವರ್ಧನೆ ಇನ್ನೂ ಎಲ್ಲೋ ಉಳಿದಿದೆ. ಮೌಸಿನದೇ ತಂತ್ರಾಂಶದಲ್ಲಿ ಹುಡುಕಿ.

ಹೊಸಬರಿಗೆ ಪೂರ್ತಿ ಒಂದು ಸುತ್ತು ತಿರುಗಲು 35 ಸೆಂ.ಮೀ. ಸುಮಾರಿನಿಂದ ಶುರು ಮಾಡಿಸುತ್ತೇನೆ. ಮೇಲಿನ ಲೆಕ್ಕದಂತೆ 52ನ್ನು 35ರಿಂದ ಭಾಗಿಸಿದರೆ ಕೌಂಟರ್-ಸ್ಟ್ರೈಕ್‌ನಲ್ಲಿ 800 ಡಿಪಿಐಗೆ ಸೆನ್ಸಿಟಿವಿಟಿ ಸುಮಾರು 1.5. ಕೆಲವು ದಿನ ಅದನ್ನು ಮುಟ್ಟದೆ ಆಡಿ. ಗುರಿ ಪ್ರತಿ ಸಲ ಎದುರಾಳಿಯನ್ನು ದಾಟಿ ಹೋಗುತ್ತಿದ್ದರೆ ಹತ್ತನೇ ಒಂದು ಭಾಗ ಇಳಿಸಿ, ಪ್ರತಿ ಸಲ ಹಿಂದೆಯೇ ಉಳಿದರೆ ಅಷ್ಟೇ ಏರಿಸಿ. ಒಮ್ಮೆ ಆಚೆ ಒಮ್ಮೆ ಈಚೆ ಆಗುತ್ತಿದ್ದರೆ ಅದು ಸೆನ್ಸಿಟಿವಿಟಿಯ ವಿಷಯವಲ್ಲ, ಅಭ್ಯಾಸದ್ದು.

ಕಂಟ್ರೋಲರಿಗೆ ಇದೇ ರೀತಿ Win+R ಒತ್ತಿ:

```
joy.cpl
```

ಅಲ್ಲಿ ಕಂಟ್ರೋಲರ್ ಆರಿಸಿ Properties ಒತ್ತಿದರೆ ಸ್ಟಿಕ್ಕಿನ ಜಾಗ ಚೌಕದೊಳಗೆ ಕೂಡು ಗುರುತಾಗಿ ಕಾಣುತ್ತದೆ. ಕೈಬಿಟ್ಟಾಗ ಅದು ನಡುವಿನಿಂದ ಸ್ವಲ್ಪ ಸರಿದಿದ್ದರೆ ಗಾಬರಿಯಾಗಬೇಡಿ, ಹೊಸದರಲ್ಲೂ ಒಂದಿಷ್ಟು ಇರುತ್ತದೆ. ಎಕ್ಸ್‌ಬಾಕ್ಸ್ ಕಂಟ್ರೋಲರಿನ ಎರಡೂ ಟ್ರಿಗರನ್ನು ಒಟ್ಟಿಗೆ ಒತ್ತಿದಾಗ ಪಟ್ಟಿ ನಡುವಿಗೆ ಮರಳುವುದನ್ನು ಕಂಡು ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಈ ಹಳೆಯ ಕಿಟಕಿ ಎರಡನ್ನೂ ಒಂದೇ ಅಕ್ಷದಲ್ಲಿ ತೋರಿಸುತ್ತದೆ, ಅಷ್ಟೇ. ಆಟದೊಳಗೆ ಅವು ಬೇರೆ ಬೇರೆಯೇ.

ಆಮೇಲೆ ಡೆಡ್‌ಝೋನ್, ಅಂದರೆ ನಡುವಿನ ಎಷ್ಟು ಅಲುಗಾಟವನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದು. ಆಟ ತಯಾರಿಸುವವರಿಗೆ ಮೈಕ್ರೋಸಾಫ್ಟ್ ಸೂಚಿಸಿದ ಮೂಲ ಮೌಲ್ಯ ಬಲ ಸ್ಟಿಕ್ಕಿಗೆ 8689, ಅಂದರೆ ಸುಮಾರು ಕಾಲು ಭಾಗ. ಇದು ಹೊಸ ಸ್ಟಿಕ್ಕಿಗೆ ಅತಿಯಾಯಿತು: ಹೆಬ್ಬೆರಳು ಕಾಲು ದೂರ ಹೋದರೂ ಏನೂ ಆಗದೆ ಆಮೇಲೆ ನೋಟ ದಡಕ್ಕನೆ ಹೊರಡುತ್ತದೆ. ಆಟದಲ್ಲಿ ಬದಲಿಸಲು ಬಿಟ್ಟಿದ್ದರೆ 0ಗೆ ಇಳಿಸಿ, ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಪರದೆ ನೋಡಿ. ನೋಟ ತಾನಾಗಿ ತೇಲುವುದು ನಿಲ್ಲುವವರೆಗೆ ಶೇಕಡಾ ಒಂದೊಂದೇ ಏರಿಸಿ. 6ಕ್ಕೆ ನಿಂತರೆ 8 ಇಡಿ. ತಿಂಗಳುಗಳು ಕಳೆದಂತೆ ಈ ಅಂಕಿಯನ್ನು 15, 20 ಎಂದು ಏರಿಸಬೇಕಾಗಿ ಬಂದರೆ ಸ್ಟಿಕ್ಕಿನೊಳಗೆ ಅದರ ಜಾಗ ಅಳೆಯುವ ಪೊಟೆನ್ಷಿಯೋಮೀಟರ್ ಸವೆದಿದೆ. ಹಾಲ್ ಎಫೆಕ್ಟ್ ಸ್ಟಿಕ್ಕುಗಳು ಆಯಸ್ಕಾಂತದಿಂದ ಜಾಗ ಅಳೆಯುವುದರಿಂದ ಅವಕ್ಕೆ ಈ ಸವೆತವಿಲ್ಲ.

ಇನ್ನೊಂದು ಸಾಮಾನ್ಯ ತೊಂದರೆ, ಒಂದು ಸಲ ಒತ್ತಿದರೆ ಮೆನುವಿನಲ್ಲಿ ಎರಡು ಸಾಲು ಹಾರುವುದು. ಆಟವೂ ಸ್ಟೀಮ್ ಕೂಡ ಒಂದೇ ಕಂಟ್ರೋಲರನ್ನು ಓದುತ್ತಿವೆ. ಸ್ಟೀಮ್ ಲೈಬ್ರರಿಯಲ್ಲಿ ಆಟದ Properties ತೆರೆದು Controller ವಿಭಾಗದಲ್ಲಿ Disable Steam Input ಆರಿಸಿದರೆ ನಿಲ್ಲುತ್ತದೆ. ಪ್ಲೇಸ್ಟೇಷನ್ ಕಂಟ್ರೋಲರ್ ಇದ್ದು ಆಟ ಅದನ್ನು ಗುರುತಿಸದಿದ್ದರೆ ಇದರ ತದ್ವಿರುದ್ಧ, Enable Steam Input ಬೇಕು. ಆಗ ಆಟಕ್ಕೆ ಅದು ಎಕ್ಸ್‌ಬಾಕ್ಸ್ ಕಂಟ್ರೋಲರಿನಂತೆ ಕಾಣುತ್ತದೆ.

ಎರಡೂ ಇದ್ದವರು ಒಂದನ್ನೇ ಹಿಡಿದು ಕೂರಬೇಕೆಂದಿಲ್ಲ. ಜಿಟಿಎ 5ರಲ್ಲಿ ಗಾಡಿಯೂ ಇದೆ, ಗುಂಡೂ ಇದೆ, ಆಡುತ್ತಿರುವಾಗಲೇ ಸಾಧನ ಬದಲಿಸಲು ಆಟ ಬಿಡುತ್ತದೆ. ಕಾಲ್ನಡಿಗೆಯಲ್ಲಿರುವಾಗ ಮೌಸ್ ಹಿಡಿದು, ಕಾರು ಹತ್ತಿದ ಕೂಡಲೇ ಮಡಿಲಲ್ಲಿಟ್ಟ ಕಂಟ್ರೋಲರ್ ಎತ್ತಿಕೊಂಡರಾಯಿತು. ಮಡಿಲಲ್ಲಿದ್ದಾಗ ಸ್ಟಿಕ್ಕು ಬಟ್ಟೆಗೆ ತಾಗಿ ಬಾಗದಂತೆ ನೋಡಿಕೊಳ್ಳಿ. ತಾಗಿದರೆ ನೀವು ಮೌಸಿನಲ್ಲಿ ಗುರಿಯಿಡುತ್ತಿರುವಾಗಲೇ ಪರದೆಯ ಮೇಲಿನ ಬಟನ್ ಚಿತ್ರಗಳು ಕೀಬೋರ್ಡಿನದ್ದು ಕಂಟ್ರೋಲರಿನದ್ದು ಎಂದು ಮಿಟುಕುತ್ತವೆ, ನೋಟವೂ ಸೊಟ್ಟಗೆ ಹೊರಡುತ್ತದೆ.